15 ಡಿಗ್ರಿಗೆ ಒಂದು ನೆರಳು ಗಡಿಯಾರ: 8ನೇ ತರಗತಿಯ ಪ್ರಾಜೆಕ್ಟ್ ಯೋಜನೆ

ಅವಧಿ: ಜನವರಿ 5ರಿಂದ ಫೆಬ್ರವರಿ 11. ಆರು ಮಕ್ಕಳ ಗುಂಪು.

ನಮ್ಮ ಶಾಲೆ ಇರುವುದು 15° ಉತ್ತರ ಅಕ್ಷಾಂಶ, 75° ಪೂರ್ವ ರೇಖಾಂಶದಲ್ಲಿ. ಜೈಪುರದ ದೊಡ್ಡ ನೆರಳು ಗಡಿಯಾರವಾದ ಸಮ್ರಾಟ್ ಯಂತ್ರದ ಇಳಿಜಾರು 27°, ಯಾಕೆಂದರೆ ಅಲ್ಲಿನ ಅಕ್ಷಾಂಶವೇ ಅಷ್ಟು. ಅದನ್ನು ಹಾಗೇ ತಂದು ನಮ್ಮ ಅಂಗಳದಲ್ಲಿಟ್ಟರೆ ಸಮಯ ತಪ್ಪುತ್ತದೆ. ನಮ್ಮದು 15° ಇಳಿಜಾರಿನದೇ ಆಗಬೇಕು.

ನೆಲಕ್ಕೆ ಚಪ್ಪಟೆಯಾಗಿ ಮಲಗಿಸುವ ಫಲಕ ಬೇಡ ಎಂದು ತೀರ್ಮಾನಿಸಿದ್ದೇವೆ. 15°ಯಲ್ಲಿ ಅದರ 12 ಮತ್ತು 1ರ ಗೆರೆಗಳ ನಡುವೆ ಬರೀ 4° ಅಂತರ, 5 ಮತ್ತು 6ರ ನಡುವೆ 46°. ಮಕ್ಕಳು ಜಾಸ್ತಿ ನೋಡುವುದೇ ಮಧ್ಯಾಹ್ನ. ಅಲ್ಲೇ ಗೆರೆಗಳು ಒತ್ತಿಕೊಂಡರೆ ಓದುವುದು ಹೇಗೆ? ಅದಕ್ಕೇ ಪೈಪನ್ನು ಅರ್ಧ ಸೀಳಿ, ಕಡ್ಡಿಯ ನೆರಳು ಒಳಮೈಗೆ ಬೀಳುವಂಥ ತೊಟ್ಟಿ ಮಾಡುತ್ತೇವೆ. ಅದರಲ್ಲಿ ಎಲ್ಲ ಗಂಟೆಗಳಿಗೂ ಒಂದೇ ಅಂತರ.

ಬೇಕಾದದ್ದು: ಒಳವ್ಯಾಸ ಸುಮಾರು 15 ಸೆಂ.ಮೀ. ಇರುವ 30 ಸೆಂ.ಮೀ. ಪಿವಿಸಿ ಪೈಪ್, ಒಂದು ಸೈಕಲ್ ಕಡ್ಡಿ, ಪ್ಲೈವುಡ್, ತೂಕದ ದಾರ, ಕೋನಮಾಪಕ.

ಮೊದಲ ವಾರ ಉತ್ತರ ದಿಕ್ಕು ಹುಡುಕುವ ಕೆಲಸ. ದಿಕ್ಸೂಚಿ ಬೇಡ, ಹತ್ತಿರ ಕಬ್ಬಿಣವಿದ್ದರೆ ಅದು ಎಳೆದಾಡುತ್ತದೆ. ಸಮತಟ್ಟಾದ ನೆಲದಲ್ಲಿ ಕೋಲು ನೆಟ್ಟಗೆ ನಿಲ್ಲಿಸಿ, ಸುತ್ತ ವೃತ್ತ ಬರೆಯುವುದು. ಬೆಳಿಗ್ಗೆ ನೆರಳಿನ ತುದಿ ವೃತ್ತ ಮುಟ್ಟಿದ ಜಾಗಕ್ಕೊಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟಿದಾಗ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ. ಅದಕ್ಕೆ ಲಂಬವೇ ಉತ್ತರ-ದಕ್ಷಿಣ. ಇದರಲ್ಲಿ ಅವಸರ ಮಾಡುವಂತಿಲ್ಲ, ಇಲ್ಲಿ ಓರೆಯಾದರೆ ಮುಂದಿನದೆಲ್ಲ ಓರೆ.

ಎರಡನೇ ವಾರ ಪೈಪನ್ನು ಉದ್ದಕ್ಕೆ ಸರಿಯಾಗಿ ಅರ್ಧ ಸೀಳಿಸುವುದು. ಗರಗಸ ಹಿಡಿಯುವುದು ದೊಡ್ಡವರು. ಒಳಮೈಯ ಕಮಾನು 24 ಸೆಂ.ಮೀ. ಹತ್ತಿರ ಬರುತ್ತದೆ. ಅಷ್ಟೇ ಉದ್ದದ ಕಾಗದದ ಪಟ್ಟಿಯನ್ನು 12 ಭಾಗವಾಗಿ ಮಡಚಿ ಒಳಗೆ ಅಂಟಿಸುತ್ತೇವೆ. ಒಂದು ಗಂಟೆಗೆ 2 ಸೆಂ.ಮೀ., ಕಾಲು ಗಂಟೆಗೆ 5 ಮಿ.ಮೀ. ಪಶ್ಚಿಮದ ಅಂಚಿಗೆ ಬೆಳಗಿನ 6, ತಳಕ್ಕೆ 12, ಪೂರ್ವದ ಅಂಚಿಗೆ ಸಂಜೆ 6. ಬೆಳಿಗ್ಗೆ ಸೂರ್ಯ ಪೂರ್ವದಲ್ಲಿ, ನೆರಳು ಪಶ್ಚಿಮಕ್ಕೆ, ಅಲ್ವಾ? ಎರಡು ತುದಿಗೂ ಅರ್ಧವೃತ್ತದ ಪ್ಲೈವುಡ್ ಹಾಕಿ, ಅವುಗಳ ವ್ಯಾಸದ ನಡುಬಿಂದುವಿಗೆ ಕಡ್ಡಿ ಬಿಗಿಯಬೇಕು. ಕಡ್ಡಿ ಕೂದಲೆಳೆಯಷ್ಟೂ ಬಾಗಿರಬಾರದು.

ಮೂರನೇ ವಾರ ಬುಡ 30 ಸೆಂ.ಮೀ., ಎತ್ತರ 8 ಸೆಂ.ಮೀ. ಇರುವ ತ್ರಿಕೋನದ ಆಸರೆ. ಇದರ ಇಳಿಜಾರು 15°. ಎತ್ತರದ ತುದಿ ಉತ್ತರಕ್ಕೆ. ಕೋನಮಾಪಕ, ತೂಕದ ದಾರ ಹಿಡಿದು ಇಬ್ಬರು ಬೇರೆ ಬೇರೆಯಾಗಿ ಅಳೆಯುತ್ತಾರೆ. ಆಮೇಲೆಯೇ ಸ್ಕ್ರೂ.

ಉಳಿದ ದಿನಗಳೆಲ್ಲ ಪರೀಕ್ಷೆಗೆ. ಬೆಳಿಗ್ಗೆ 9, ಮಧ್ಯಾಹ್ನ 12:30, ಮೂರೂವರೆಗೆ ನೆರಳಿನ ನಡುಗೆರೆ ಓದಿ, ಕೈಗಡಿಯಾರದ ಸಮಯದ ಪಕ್ಕ ಬರೆಯುವುದು. ಎರಡೂ ಒಂದೇ ಬರುವುದಿಲ್ಲ, ಸುಮ್ನೆ ಗಾಬರಿ ಬೇಡ. ಭಾರತದ ಗಡಿಯಾರ ನಡೆಯುವುದು 82.5° ರೇಖಾಂಶದ ಲೆಕ್ಕದಲ್ಲಿ. ನಾವು 7.5° ಪಶ್ಚಿಮದಲ್ಲಿದ್ದೇವೆ. ಡಿಗ್ರಿಗೆ 4 ನಿಮಿಷದಂತೆ 30 ನಿಮಿಷ ಹಿಂದೆ. ಇದರ ಮೇಲೆ ಭೂಮಿಯ ವಾಲಿಕೆ, ಅಂಡಾಕಾರದ ಕಕ್ಷೆಯಿಂದ ಆಗುವ ವ್ಯತ್ಯಾಸ. ಫೆಬ್ರವರಿ 11ರ ಸುಮಾರಿಗೆ ಸೂರ್ಯ ಇನ್ನೂ 14 ನಿಮಿಷ ತಡ. ಆ ದಿನ ತೊಟ್ಟಿಯಲ್ಲಿ 12 ಆದಾಗ ಗಡಿಯಾರದಲ್ಲಿ 12:44 ಆಗಿರಬೇಕು. ನವೆಂಬರ್ ಮೊದಲ ವಾರ ಸೂರ್ಯನೇ 16 ನಿಮಿಷ ಮುಂದಿರುತ್ತಾನೆ, ಆಗ 12:14.

ಐದು ನಿಮಿಷದೊಳಗಿನ ವ್ಯತ್ಯಾಸ ಒಪ್ಪುತ್ತೇವೆ. ಜಾಸ್ತಿ ಬಂದರೆ ಪಟ್ಟಿಯನ್ನು ಸರಿಸುವಂತಿಲ್ಲ. ಮೊದಲು ಉತ್ತರದ ಗೆರೆ, ಆಮೇಲೆ ಕಡ್ಡಿ ಎಂದು ಅದೇ ಕ್ರಮದಲ್ಲಿ ಮತ್ತೆ ಅಳೆಯಬೇಕು.