ಒಂದು 60 ವಾಟ್ ಬಲ್ಬ್ ಬದಲಿಸಿ, ವರ್ಷಕ್ಕೆ 558 ರೂಪಾಯಿ ಉಳಿಸಿ

ಕೊಟ್ಟಿಗೆಯಲ್ಲೋ ಅಡಿಕೆ ಸುಲಿಯುವ ಜಗಲಿಯಲ್ಲೋ ಇನ್ನೂ ಹಳೆಯ 60 ವಾಟಿನ ಬಲ್ಬ್ ಉರಿಯುತ್ತಿದೆಯಾ? ಅದರ ಹತ್ತಿರ ಅಂಗೈ ಒಡ್ಡಿ ನೋಡಿ. ಆ ಬಿಸಿಗೂ ನೀವೇ ದುಡ್ಡು ಕೊಡುತ್ತಿದ್ದೀರಿ, ನಿಮಗೆ ಬೇಕಾದದ್ದು ಬೆಳಕು ಮಾತ್ರ.

ಅಷ್ಟೇ ಬೆಳಕಿಗೆ ನಮ್ಮ 9 ವಾಟಿನ ಎಲ್‌ಇಡಿ ಸಾಕು. ಲೆಕ್ಕ ಸುಲಭ. ದಿನಕ್ಕೆ 5 ಗಂಟೆ ಉರಿಸುತ್ತೀರಿ ಅಂತ ಇಟ್ಟುಕೊಳ್ಳೋಣ.

ಹಳೆಯ ಬಲ್ಬ್: 60 × 5 × 365 ÷ 1000 = 109.5 ಯೂನಿಟ್
ಎಲ್‌ಇಡಿ: 9 × 5 × 365 ÷ 1000 = 16.4 ಯೂನಿಟ್

ವರ್ಷಕ್ಕೆ 93 ಯೂನಿಟ್ ಉಳಿಯಿತು. ಯೂನಿಟಿಗೆ 6 ರೂಪಾಯಿ ಹಿಡಿದರೆ 558 ರೂಪಾಯಿ. ನಮ್ಮಲ್ಲಿ ಕರೆಂಟ್ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ ಅಲ್ವಾ, ಅಂದರೆ ಬಿಲ್ಲೊಂದಕ್ಕೆ 93 ರೂಪಾಯಿ ಕಡಿಮೆ. ಬಲ್ಬಿನ ಬೆಲೆ 110 ರೂಪಾಯಿ, ಎರಡನೇ ಬಿಲ್ಲು ಬರುವಷ್ಟರಲ್ಲಿ ಹಾಕಿದ ದುಡ್ಡು ವಾಪಸ್. ನಿಮ್ಮ ಬಿಲ್ಲಿನಲ್ಲಿ ದರ ಬೇರೆ ಇದ್ದರೆ 93ನ್ನು ಅದರಿಂದಲೇ ಗುಣಿಸಿ. ಬಳಕೆ ಏರಿದಂತೆ ಯೂನಿಟಿನ ದರವೂ ಏರುತ್ತದೆ, ಹಾಗಾಗಿ ಕರೆಂಟ್ ಜಾಸ್ತಿ ಸುಡುವ ಮನೆಗೆ ಉಳಿತಾಯವೂ ಜಾಸ್ತಿ.

ಇನ್ನೊಂದು ಇದೆ, ಇದು ಯಾರ ಗಮನಕ್ಕೂ ಬರುವುದಿಲ್ಲ. ದೇವರ ಕೋಣೆಯಲ್ಲೋ ಮಲಗುವ ಕೋಣೆಯಲ್ಲೋ ರಾತ್ರಿಯಿಡೀ ಉರಿಯುವ ಹಳೆಯ ಝೀರೋ ಬಲ್ಬ್. ಹೆಸರು ಝೀರೋ ಆದರೂ ಅದು ಸುಮಾರು 15 ವಾಟ್ ಎಳೆಯುತ್ತದೆ! ರಾತ್ರಿಗೆ 10 ಗಂಟೆಯಂತೆ ವರ್ಷಕ್ಕೆ 54.75 ಯೂನಿಟ್. ನಮ್ಮ ಅರ್ಧ ವಾಟಿನ ರಾತ್ರಿ ದೀಪಕ್ಕೆ ಎರಡು ಯೂನಿಟ್ ಸಹ ಬೇಡ. 40 ರೂಪಾಯಿಯ ದೀಪದಿಂದ ವರ್ಷಕ್ಕೆ ಸುಮಾರು 318 ರೂಪಾಯಿ ಉಳಿಯುತ್ತದೆ.

ಮನೆಯಲ್ಲಿ 14 ವಾಟಿನ ಸಿಎಫ್‌ಎಲ್ ಇದ್ದರೆ ಸುಮ್ನೆ ಬಿಸಾಡಬೇಡಿ. ಅಲ್ಲಿ ಉಳಿಯುವುದು ವರ್ಷಕ್ಕೆ 9 ಯೂನಿಟ್, ಅಂದರೆ 55 ರೂಪಾಯಿ ಅಷ್ಟೆ. ಅದು ಕೆಡುವವರೆಗೆ ಉರಿಯಲಿ, ಆಮೇಲೆ ಎಲ್‌ಇಡಿ ಹಾಕಿ. ಮೊದಲು ಬದಲಿಸಬೇಕಾದದ್ದು ಬಿಸಿಯಾಗುವ ಹಳೆಯ ಬಲ್ಬನ್ನೇ.

ಸಂಜೆ ಹೊತ್ತು ವೋಲ್ಟೇಜ್ ಇಳಿದು ಬಲ್ಬ್ ಕೆಂಪಗಾಗುವುದು ತೋಟದ ಮನೆಗಳವರಿಗೆಲ್ಲ ಗೊತ್ತು. ನಮ್ಮ ಎಲ್‌ಇಡಿ 140 ವೋಲ್ಟಿನವರೆಗೂ ಮಂಕಾಗದೆ ಉರಿಯುತ್ತದೆ. ಈಗಿರುವ ಪಿನ್ನಿನ ಹೋಲ್ಡರಿಗೇ ಕೂರುತ್ತದೆ, ವಯರಿಂಗ್ ಮುಟ್ಟಬೇಕಾಗಿಲ್ಲ. ಬಿಐಎಸ್ ಗುರುತು ಪೆಟ್ಟಿಗೆಯ ಮೇಲೇ ಇದೆ.

ಎರಡು ವರ್ಷ ವಾರಂಟಿ. ಕೆಟ್ಟರೆ ಬಿಲ್ಲಿನೊಂದಿಗೆ ಬದಿಯಡ್ಕ ಪೇಟೆಯ ನಮ್ಮ ಅಂಗಡಿಗೆ ತನ್ನಿ, ಬೇರೆ ಬಲ್ಬ್ ಕೊಡುತ್ತೇವೆ. ಒಂದೇ ಮಾತು: ಗಾಳಿಯಾಡದ ಮುಚ್ಚಿದ ಗಾಜಿನ ಬುರುಡೆಯೊಳಗೆ ಇದನ್ನು ಹಾಕಬೇಡಿ. ಬಿಸಿ ಹೊರಗೆ ಹೋಗದಿದ್ದರೆ ಬಲ್ಬಿಗೆ ಬೇಕಾದಷ್ಟೇ ಕರೆಂಟ್ ಕೊಡುವ ಒಳಗಿನ ಡ್ರೈವರ್ ಬೇಗ ಹಾಳಾಗುತ್ತದೆ.