ಬೆಂಚಿನಲ್ಲಿ ಕೂರುತ್ತಿರುವ ಮಗಳಿಗೆ ಆಡುವ ಅವಕಾಶ ಕೋರಿ ಹಾಕಿ ತರಬೇತುದಾರರಿಗೆ ತಾಯಿಯ ಪತ್ರ

ವಿರಾಜಪೇಟೆ
18 ನವೆಂಬರ್ 2024

ಇವರಿಗೆ,
ಮುಖ್ಯ ತರಬೇತುದಾರರು,
14 ವರ್ಷದೊಳಗಿನ ಬಾಲಕಿಯರ ಹಾಕಿ ತಂಡ

ವಿಷಯ: ಲೀಗ್ ಪಂದ್ಯಗಳಲ್ಲಿ ನನ್ನ ಮಗಳು ಪೊನ್ನಮ್ಮಳಿಗೆ ಆಡಲು ನ್ಯಾಯವಾದ ಅವಕಾಶ ಕೊಡಬೇಕೆಂದು ಕೋರಿ

ಮಾನ್ಯರೇ,

ನಾನು ತಮ್ಮ ತಂಡದ ಹದಿಮೂರು ವರ್ಷದ ಆಟಗಾರ್ತಿ ಪೊನ್ನಮ್ಮಳ ತಾಯಿ. ನಿನ್ನೆ ಪಂದ್ಯ ಮುಗಿದ ಮೇಲೆ ತಮ್ಮೊಡನೆ ಮಾತನಾಡಬೇಕೆಂದು ಮೈದಾನದ ಅಂಚಿನವರೆಗೂ ಬಂದಿದ್ದೆ. ಆದರೆ ಗೆದ್ದ ಸಂತೋಷದಲ್ಲಿದ್ದ ಮಕ್ಕಳ ಎದುರಿಗೆ, ಉಳಿದ ತಂದೆತಾಯಿಯರು ನಿಂತಿರುವಾಗ, ಇಂಥ ಮಾತನ್ನು ಎತ್ತುವುದು ಸರಿಯಲ್ಲವೆನಿಸಿ ಹಿಂತಿರುಗಿದೆ. ನಿಂತಲ್ಲೇ ಕೇಳಿದ್ದರೆ ಅದು ದೂರಿನಂತೆ ಕೇಳಿಸುತ್ತಿತ್ತು. ನನಗೆ ಹೇಳಬೇಕಾಗಿರುವುದನ್ನು ಬರೆದು ತಿಳಿಸಿದರೆ ತಾವೂ ಬಿಡುವಾಗಿ ಓದಿ ಯೋಚಿಸಬಹುದು ಎಂಬ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಅಕ್ಟೋಬರ್ 13ರಿಂದ ನಿನ್ನೆಯವರೆಗೆ ನಮ್ಮ ತಂಡ ಐದು ಲೀಗ್ ಪಂದ್ಯಗಳನ್ನು ಆಡಿದೆ. ಹತ್ತು ನಿಮಿಷಗಳ ನಾಲ್ಕು ಕ್ವಾರ್ಟರ್ ಎಂದರೆ ಪಂದ್ಯಕ್ಕೆ 40 ನಿಮಿಷ, ಒಟ್ಟು 200 ನಿಮಿಷ. ಇದರಲ್ಲಿ ಪೊನ್ನಮ್ಮ ಮೊದಲ ಪಂದ್ಯದಲ್ಲಿ ಕೊನೆಯ 4 ನಿಮಿಷ, ಮೂರನೆಯದರಲ್ಲಿ 6 ನಿಮಿಷ, ನಿನ್ನೆ ನಾವು ಐದು ಗೋಲುಗಳಿಂದ ಮುಂದಿದ್ದಾಗ 3 ನಿಮಿಷ ಆಡಿದ್ದಾಳೆ. ಎರಡನೆಯ ಮತ್ತು ನಾಲ್ಕನೆಯ ಪಂದ್ಯಗಳಲ್ಲಿ ಅವಳು ಗೆರೆ ದಾಟಿ ಒಳಗೆ ಹೋಗಲೇ ಇಲ್ಲ. ಎಲ್ಲ ಸೇರಿ 13 ನಿಮಿಷ. ತಾಯಿಯಾದವಳು ಗಡಿಯಾರ ಹಿಡಿದು ಲೆಕ್ಕ ಬರೆದಿಟ್ಟುಕೊಂಡಿದ್ದಾಳಲ್ಲ ಎಂದು ತಾವು ಬೇಸರಪಡಬಾರದು. ಮೊದಲ ಎರಡು ಪಂದ್ಯಗಳಾದಾಗ ಇದು ನನ್ನ ಗಮನಕ್ಕೂ ಬಂದಿರಲಿಲ್ಲ. ನಾಲ್ಕನೆಯ ಪಂದ್ಯದ ದಿನ ಮನೆಗೆ ಬಂದು ಅವಳ ಸಾಕ್ಸ್ ಒಗೆಯಲು ತೆಗೆದುಕೊಂಡಾಗ ಅದರಲ್ಲಿ ಒಂದು ಕಲೆಯೂ ಇರಲಿಲ್ಲ, ಮಡಿಕೆ ಕೂಡ ಬಿಚ್ಚಿದ ಹಾಗೆ ಕಾಣುತ್ತಿರಲಿಲ್ಲ. ಆಮೇಲೆಯೇ ಕೂತು ಹಿಂದಿನ ಪಂದ್ಯಗಳನ್ನೆಲ್ಲ ನೆನಪು ಮಾಡಿಕೊಂಡು ಬರೆದಿಟ್ಟೆ. ಒಂದೆರಡು ನಿಮಿಷ ಹೆಚ್ಚುಕಡಿಮೆ ಇದ್ದರೆ ತಾವು ತಿದ್ದಬಹುದು.

ನಿನ್ನೆ ನಾನು ಆಟಕ್ಕಿಂತ ಬೆಂಚನ್ನೇ ಹೆಚ್ಚು ನೋಡಿದೆ. ಬೆಳಗ್ಗೆ ಏಳೂವರೆಗೆ ಶಿನ್ ಗಾರ್ಡ್ ಕಟ್ಟಿಕೊಂಡವಳು ಪಂದ್ಯ ಮುಗಿಯಲು ಮೂರು ನಿಮಿಷ ಉಳಿಯುವವರೆಗೂ ಅದನ್ನು ಒಮ್ಮೆಯೂ ಸಡಿಲಿಸಲಿಲ್ಲ. ಮೌತ್ ಗಾರ್ಡನ್ನು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ತಾವು ಬೆಂಚಿನ ಕಡೆಗೆ ತಿರುಗಿದಾಗಲೆಲ್ಲ ಬೆನ್ನು ನೇರ ಮಾಡಿಕೊಂಡು ಸ್ಟಿಕ್ಕನ್ನು ತೊಡೆಯ ಮೇಲಿಂದ ಕೆಳಗಿಳಿಸಿ ಏಳಲು ಸಿದ್ಧಳಾಗುತ್ತಿದ್ದಳು. ತಾವು ಬೇರೆಯವರ ಹೆಸರು ಕರೆದರೆ ಮತ್ತೆ ಸ್ಟಿಕ್ಕನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ನಾನು ಎಣಿಸಲಿಲ್ಲ, ಆದರೆ ಇದು ಹಲವು ಬಾರಿ ನಡೆಯಿತು. ಆಟದ ಮೇಲೆ ಕಣ್ಣಿಟ್ಟಿರಬೇಕಾದ ತರಬೇತುದಾರರಿಗೆ ಬೆನ್ನ ಹಿಂದಿನ ಇದು ಕಾಣುವುದು ಕಷ್ಟ. ಹಾಗಾಗಿ ಕಂಡವಳು ನಾನು ಹೇಳುತ್ತಿದ್ದೇನೆ.

ಅವಳ ಆಟದಲ್ಲಿ ಕೊರತೆಗಳಿರುವುದು ನನಗೆ ಗೊತ್ತು. ರಿವರ್ಸ್ ಹೊಡೆತದಲ್ಲಿ ಬಲ ಸಾಲದು, ಮುಂದೆ ನುಗ್ಗಿದಾಗ ತನ್ನ ರೈಟ್ ಹಾಫ್ ಜಾಗಕ್ಕೆ ಹಿಂತಿರುಗುವುದು ತಡವಾಗುತ್ತದೆ ಎಂದು ತಾವೇ ಜುಲೈನಲ್ಲಿ ಹೇಳಿದ್ದಿರಿ. ಆಗಸ್ಟ್ ತಿಂಗಳ ಅಭ್ಯಾಸ ಪಂದ್ಯದಲ್ಲಿ ಡಿ ಒಳಗೆ ಅವಳು ಚೆಂಡು ಕಳೆದುಕೊಂಡದ್ದರಿಂದ ಎದುರು ತಂಡ ಗೋಲು ಹೊಡೆದದ್ದನ್ನೂ ಮರೆತಿಲ್ಲ. ಅವಳಂತೂ ಮರೆತೇ ಇಲ್ಲ. ಅಂದಿನಿಂದ ಪ್ರತಿ ಸಂಜೆ ಕಾಫಿ ಒಣಗಿಸುವ ನಮ್ಮ ಸಿಮೆಂಟ್ ಕಣದಲ್ಲಿ ಗೋಡೆಗೆ ಚೆಂಡು ತಳ್ಳಿ, ಅದು ಚಿಮ್ಮಿ ಬಂದಾಗ ನಿಲ್ಲಿಸಿ, ಮತ್ತೆ ತಳ್ಳಿ, ಕತ್ತಲಾಗಿ ಚೆಂಡು ಕಾಣದಾಗುವವರೆಗೆ ಅಭ್ಯಾಸ ಮಾಡುತ್ತಿದ್ದಾಳೆ. ಗೋಡೆಯ ಬುಡದ ಗಾರೆ ಒಂದು ಗೇಣಿನಷ್ಟು ಅಗಲಕ್ಕೆ ಕಿತ್ತು ಬಂದಿದೆ. ಅರೇಬಿಕಾ ಕೊಯ್ಲು ಶುರುವಾಗಿರುವುದರಿಂದ ಇನ್ನು ಕೆಲವು ದಿನಗಳಲ್ಲಿ ಕಣದ ತುಂಬ ಕಾಫಿ ಹರಡಬೇಕು. ಒಂದು ಮೂಲೆಯನ್ನು ತನಗೆ ಬಿಡಬೇಕೆಂದು ಅವಳು ಈಗಲೇ ಅಜ್ಜನ ಹತ್ತಿರ ಮಾತಾಡಿ ಇಟ್ಟುಕೊಂಡಿದ್ದಾಳೆ. ಜೂನ್‌ನಿಂದ ಈಚೆಗೆ ವಾರಕ್ಕೆ ಮೂರು ದಿನದ ಅಭ್ಯಾಸದಲ್ಲಿ ಅವಳು ತಪ್ಪಿಸಿದ್ದು ಎರಡೇ ದಿನ, ಅದೂ ಜ್ವರ ಬಂದಾಗ. ಇಷ್ಟೆಲ್ಲ ಮಾಡಿದ ಮೇಲೆ ಕಲಿತದ್ದು ಪಂದ್ಯದಲ್ಲಿ ಕೈಗೆ ಬರುತ್ತದೆಯೋ ಇಲ್ಲವೋ ಎಂದು ತಿಳಿಯಲು ಪಂದ್ಯವೇ ಬೇಕು. ಗೋಡೆ ಎದುರಾಳಿಯಲ್ಲ, ಅದು ಅಡ್ಡ ಬಂದು ಚೆಂಡು ಕಸಿಯುವುದಿಲ್ಲ. ಗೆಲುವು ಖಚಿತವಾದ ಮೇಲೆ ಕೊನೆಯ ಮೂರು ನಿಮಿಷಕ್ಕೆ ಒಳಗೆ ಹೋದ ಹುಡುಗಿಗೆ ಓಟದ ಲಯ ಹಿಡಿಯುವಷ್ಟರಲ್ಲಿ ಸೀಟಿ ಊದಿರುತ್ತದೆ. ಆ ಮೂರು ನಿಮಿಷ ನೋಡಿ ಅವಳು ಸುಧಾರಿಸಿದ್ದಾಳೋ ಇಲ್ಲವೋ ಎಂದು ತೀರ್ಮಾನಿಸಲು ತಮಗೂ ಆಗದು.

ತಾವು ತಪ್ಪು ತಿಳಿಯಬಾರದೆಂದು ಕೇಳಿಕೊಂಡು ಒಂದು ಲೆಕ್ಕವನ್ನು ತಮ್ಮ ಮುಂದಿಡುತ್ತೇನೆ. ನಮ್ಮ ತಂಡದಲ್ಲಿ 16 ಮಂದಿ ಇದ್ದಾರೆ. ಅವರಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ಗೋಲ್‌ಕೀಪರ್‌ಗಳ ವಿಚಾರ ಬೇರೆ, ಅದನ್ನು ತಾವೇ ಬಲ್ಲಿರಿ. ಉಳಿದ 14 ಮಕ್ಕಳಲ್ಲಿ ಹತ್ತು ಮಂದಿ ಒಳಗೆ, ನಾಲ್ವರು ಹೊರಗೆ. ನಾಲ್ಕು ಕ್ವಾರ್ಟರ್‌ಗಳಿಗೆ ಹತ್ತು ಜಾಗದಂತೆ ಒಂದು ಪಂದ್ಯದಲ್ಲಿ ಒಟ್ಟು 40 ಅವಕಾಶಗಳಿರುತ್ತವೆ. ಹೊರಗಿರುವ ನಾಲ್ವರಿಗೂ ಒಂದೊಂದು ಪೂರ್ತಿ ಕ್ವಾರ್ಟರ್ ಕೊಟ್ಟರೆ ಹೋಗುವುದು ನಾಲ್ಕು ಮಾತ್ರ. ಉಳಿದ 36 ತಾವು ನಂಬುವ ಹತ್ತು ಮಂದಿಗೇ ಉಳಿಯುತ್ತವೆ. ಅಂದರೆ ಆ ಹತ್ತು ಮಂದಿಯಲ್ಲಿ ಆರು ಜನ ಪೂರ್ತಿ ಪಂದ್ಯ ಆಡಬಹುದು, ನಾಲ್ವರು ತಲಾ ಹತ್ತು ನಿಮಿಷ ದಣಿವಾರಿಸಿಕೊಳ್ಳಬಹುದು. ಬೇರೆ ಆಟಗಳಲ್ಲಾದರೆ ಇದು ಇಷ್ಟು ಸುಲಭವಲ್ಲ. ಕ್ರಿಕೆಟ್‌ನಲ್ಲಿ ಬದಲಿಯಾಗಿ ಬಂದ ಹುಡುಗಿ ಫೀಲ್ಡಿಂಗ್ ಮಾಡಬಹುದೇ ಹೊರತು ಬ್ಯಾಟಿಂಗ್ ಬೌಲಿಂಗ್ ಮಾಡುವಂತಿಲ್ಲ. ಹಾಕಿಯಲ್ಲಿ ಬದಲಾವಣೆಗೆ ಸಂಖ್ಯೆಯ ಮಿತಿಯಿಲ್ಲ. ಪೆನಾಲ್ಟಿ ಕಾರ್ನರ್ ಕೊಟ್ಟು ಅದು ಮುಗಿಯುವವರೆಗಿನ ಹೊತ್ತನ್ನು ಬಿಟ್ಟರೆ ಯಾವಾಗ ಬೇಕಾದರೂ ಒಬ್ಬರನ್ನು ಹೊರಗೆ ಕರೆದು ಇನ್ನೊಬ್ಬರನ್ನು ಕಳಿಸಬಹುದು, ಹೊರಗೆ ಬಂದವರೂ ಮತ್ತೆ ಒಳಗೆ ಹೋಗಬಹುದು. ಪೊನ್ನಮ್ಮ ಒಳಗಿದ್ದಾಗ ತಂಡಕ್ಕೆ ಅಪಾಯ ಕಂಡರೆ ಆ ಕ್ಷಣವೇ ಅವಳನ್ನು ಹಿಂದಕ್ಕೆ ಕರೆಸಿಕೊಳ್ಳಲು ನಿಯಮವೇ ತಮಗೆ ದಾರಿ ಕೊಟ್ಟಿದೆ.

ಹಾಕಿಯ ಬಗ್ಗೆ ತಮಗೆ ಹೇಳಿಕೊಡುವ ಅರ್ಹತೆ ನನಗಿಲ್ಲ. ಆದರೆ ಕೊಡಗಿನಲ್ಲಿ ಹುಟ್ಟಿ ಬೆಳೆದವಳಾಗಿ ಒಂದು ಮಾತು ಹೇಳಬಲ್ಲೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವವನ್ನು ನೋಡುತ್ತಲೇ ನಮ್ಮ ತಲೆಮಾರು ಬೆಳೆಯಿತು. ಅಲ್ಲಿ ಒಂದೇ ಒಕ್ಕದ ಪರವಾಗಿ ಶಾಲೆಗೆ ಹೋಗುವ ಮಕ್ಕಳೂ, ಹೆಂಗಸರೂ, ಮೊಮ್ಮಕ್ಕಳನ್ನು ಕಂಡ ಹಿರಿಯರೂ ಸ್ಟಿಕ್ ಹಿಡಿದು ಇಳಿಯುವುದನ್ನು ತಾವೂ ನೋಡಿದ್ದೀರಿ. ಪೊನ್ನಮ್ಮಳ ಕೈಗೆ ಮೊದಲು ಸ್ಟಿಕ್ ಕೊಟ್ಟ ಅವಳ ಅಜ್ಜನೂ ಹಾಗೆ ಇಳಿದವರೇ. ಕಪ್ಪಿಗಾಗಿ ಆಡುವ ಲೀಗ್ ಪಂದ್ಯವನ್ನು ಉತ್ಸವದಂತೆ ನಡೆಸಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೂ ಜೂನ್‌ನಲ್ಲಿ ನಡೆದ ಪೋಷಕರ ಸಭೆಯಲ್ಲಿ ಈ ವಯಸ್ಸಿನ ಮಕ್ಕಳಿಗೆ ಗೆಲ್ಲುವುದಕ್ಕಿಂತ ಆಟ ಕಲಿಯುವುದು ಮುಖ್ಯ ಎಂದು ತಾವು ಹೇಳಿದಾಗ ನನಗೆ ನೆನಪಾದದ್ದು ಆ ಉತ್ಸವವೇ. ಅಂದು ಆ ಮಾತು ಕೇಳಿ ಧೈರ್ಯವಾಗಿ ಮಗಳನ್ನು ತಮ್ಮ ಕೈಗೆ ಒಪ್ಪಿಸಿದೆ.

ನನ್ನ ಕೋರಿಕೆ ಇಷ್ಟು. ನವೆಂಬರ್ 24, ಡಿಸೆಂಬರ್ 1 ಮತ್ತು 8ರಂದು ಉಳಿದಿರುವ ಮೂರು ಲೀಗ್ ಪಂದ್ಯಗಳಲ್ಲಿ, ಅಭ್ಯಾಸಕ್ಕೆ ತಪ್ಪದೆ ಬರುವ ಪ್ರತಿಯೊಬ್ಬ ಹುಡುಗಿಗೂ ಕನಿಷ್ಠ ಒಂದು ಪೂರ್ತಿ ಕ್ವಾರ್ಟರ್ ಆಡಲು ಅವಕಾಶ ಕೊಡಿ. ಆ ಕ್ವಾರ್ಟರ್ ಪಂದ್ಯದ ಫಲಿತಾಂಶ ಇನ್ನೂ ತೀರ್ಮಾನವಾಗದ ಹೊತ್ತಿನದಾಗಿರಲಿ. ಇದನ್ನು ನನ್ನ ಮಗಳೊಬ್ಬಳಿಗಾಗಿ ಕೇಳುತ್ತಿಲ್ಲ. ಅವಳ ಜೊತೆ ಬೆಂಚಿನಲ್ಲಿ ಕೂರುವ ಇನ್ನು ಮೂವರೂ ಅಷ್ಟೇ ದೂರದಿಂದ, ಅಷ್ಟೇ ಬೆಳಗ್ಗೆ ಎದ್ದು ಬರುತ್ತಾರೆ. ಮೊದಲ ಹನ್ನೊಂದರಲ್ಲಿ ಅವಳು ಇರಲೇಬೇಕೆಂದು ನಾನು ಹೇಳುವುದಿಲ್ಲ. ನಾವು ಲೀಗ್‌ನಿಂದ ಮುಂದಿನ ಹಂತಕ್ಕೆ ಹೋದರೆ ಸೆಮಿಫೈನಲ್, ಫೈನಲ್‌ಗಳಲ್ಲಿ ಯಾರು ಆಡಬೇಕೆಂಬುದು ಸಂಪೂರ್ಣವಾಗಿ ತಮಗೆ ಬಿಟ್ಟದ್ದು, ಅಲ್ಲಿ ನಾನು ಬಾಯಿ ತೆರೆಯುವುದಿಲ್ಲ. ಶುಲ್ಕ ಕಟ್ಟಿದ್ದೇವೆ ಎಂಬ ಹಕ್ಕಿನ ಮಾತನ್ನೂ ಆಡುತ್ತಿಲ್ಲ, ಆಟದ ಅವಕಾಶವನ್ನು ಹಣದಿಂದ ಅಳೆಯಬಾರದು ಎಂದೇ ನಾನೂ ನಂಬಿದವಳು.

ಇದರ ಜೊತೆಗೆ, ತನ್ನ ಆಟದಲ್ಲಿ ಯಾವುದು ಸರಿಯಾದರೆ ಹೆಚ್ಚು ಹೊತ್ತು ಆಡಲು ಸಿಗುತ್ತದೆ ಎಂಬುದನ್ನು ತಾವೇ ಅವಳಿಗೆ ಬಿಡಿಸಿ ಹೇಳಿದರೆ ದೊಡ್ಡ ಉಪಕಾರವಾಗುತ್ತದೆ. ಈಗ ಅವಳಿಗೆ ಕಾರಣ ತಿಳಿಯದು. ಆಗಸ್ಟ್‌ನ ಆ ಒಂದು ಗೋಲೇ ಕಾರಣವೆಂದು ತನಗೆ ತಾನೇ ಹೇಳಿಕೊಂಡಿದ್ದಾಳೆ. ಅದು ನಿಜವಲ್ಲವೆಂದು ನಾನು ಎಷ್ಟು ಹೇಳಿದರೂ ಅಮ್ಮನ ಸಮಾಧಾನದ ಮಾತಾಗಿ ಉಳಿಯುತ್ತದೆ. ತಮ್ಮ ಬಾಯಿಂದ ಬಂದರೆ ಅವಳು ನಂಬುತ್ತಾಳೆ. ಕಠಿಣವಾದ ಮಾತಾದರೂ ಪರವಾಗಿಲ್ಲ, ಅದನ್ನು ತಡೆದುಕೊಳ್ಳುವ ಶಕ್ತಿ ಅವಳಿಗಿದೆ. ರೈಟ್ ಹಾಫ್ ಅವಳಿಗೆ ಹೊಂದುವ ಜಾಗವಲ್ಲ ಎಂದು ತಮಗೆ ಅನಿಸಿದ್ದರೆ ಬೇರೆ ಜಾಗದಲ್ಲಿ ಆಡಿಸಿ ನೋಡಲೂ ಅವಳು ಸಿದ್ಧಳಿದ್ದಾಳೆ.

ಈ ಪತ್ರದ ವಿಷಯ ಪೊನ್ನಮ್ಮಳಿಗೆ ತಿಳಿದಿಲ್ಲ. ನಿನ್ನೆ ಕಾರಿನಲ್ಲಿ ಮನೆಗೆ ಬರುವಾಗ ನಾನು ಮಾತು ಎತ್ತಲು ಹೋದದ್ದಕ್ಕೆ, "ಸರ್ ಹತ್ತಿರ ಏನೂ ಹೇಳಬೇಡಮ್ಮ, ಅವರೇ ಕರೆಯುತ್ತಾರೆ" ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕೂತಳು. ಅವಳ ಮಾತನ್ನು ಮೀರಿ ಬರೆಯುತ್ತಿದ್ದೇನೆ. ಆದ್ದರಿಂದ ಇದು ನಮ್ಮಿಬ್ಬರ ನಡುವೆಯೇ ಇರಲಿ ಎಂದೂ, ಅಮ್ಮ ಬರೆದಳೆಂಬ ಕಾರಣಕ್ಕೆ ಮಗಳ ಮೇಲೆ ಯಾವ ಅಸಮಾಧಾನವೂ ಬಾರದಿರಲಿ ಎಂದೂ ಬೇಡಿಕೊಳ್ಳುತ್ತೇನೆ. ಹೀಗೆ ಕೇಳಿಕೊಳ್ಳಬೇಕಾದ ಅಗತ್ಯವೇ ಇಲ್ಲವೆಂದು ತಮ್ಮನ್ನು ಬಲ್ಲ ನನಗೆ ಗೊತ್ತಿದ್ದರೂ ಕೈ ತಾನಾಗಿ ಬರೆಯುತ್ತಿದೆ.

ಬುಧವಾರ ಸಂಜೆ ಅಭ್ಯಾಸ ಮುಗಿದ ಮೇಲೆ ತಮಗೆ ಹತ್ತು ನಿಮಿಷ ಬಿಡುವಿದ್ದರೆ ಬಂದು ಮಾತನಾಡುತ್ತೇನೆ. ಅಂದು ಪೊನ್ನಮ್ಮಳನ್ನು ಅವಳ ಅಜ್ಜ ಬೇಗ ಮನೆಗೆ ಕರೆದುಕೊಂಡು ಹೋಗುತ್ತಾರೆ. ಬುಧವಾರ ಆಗದಿದ್ದರೆ ತಮಗೆ ಅನುಕೂಲವಾದ ದಿನ ತಿಳಿಸಿದರೂ ಸಾಕು.

ಇಂತಿ ತಮ್ಮ ವಿಶ್ವಾಸಿ,
ಗಂಗಮ್ಮ
(ಪೊನ್ನಮ್ಮಳ ತಾಯಿ)