ಐದನೇ ತರಗತಿ, ಮೊದಲ ಸೆಮಿಸ್ಟರ್: ತಿದ್ದಿ ಬರೆದ ಷರಾಗಳು

ಸರ್, ದಸರಾ ರಜೆಗೆ ಮೊದಲು ಪೋಷಕರ ಕೈಗೆ ಹೋಗುವ ಪ್ರಗತಿ ಪತ್ರದ ಮೂರು ಷರಾಗಳನ್ನು ಮತ್ತೆ ಬರೆದಿದ್ದೇನೆ. ಕಾರ್ಡಿನ ಒಂದು ಗೆರೆಯಲ್ಲಿ ಇವು ಹಿಡಿಸುವುದಿಲ್ಲ. ಬೇರೆ ಹಾಳೆಯಲ್ಲಿ ಬರೆದು ಒಳಗೆ ಅಂಟಿಸುತ್ತೇನೆ. ನೀವು ನೋಡಿ ಸಹಿ ಮಾಡಿದರೆ ಸಾಕು.

ಕ್ರಮ ಸಂಖ್ಯೆ 7

ಮೊದಲು ಇದ್ದದ್ದು: ಗಣಿತದಲ್ಲಿ ತುಂಬಾ ಹಿಂದೆ. ಗಮನ ಸಾಲದು.

ಈಗ: ನಿಮ್ಮ ಮಗನಿಗೆ ಗಣಿತದಲ್ಲಿ ಅಂಕ ಕಡಿಮೆ ಬಂದಿದೆ. ಅದಕ್ಕೆ ಮುಖ್ಯ ಕಾರಣ ಕಳೆಯುವ ಲೆಕ್ಕ. 402ರಲ್ಲಿ 178 ಕಳೆ ಅಂದರೆ 376 ಅಂತ ಬರೆಯುತ್ತಾನೆ. 2ರಲ್ಲಿ 8 ಹೋಗುವುದಿಲ್ಲ ಅಂತ 8ರಲ್ಲೇ 2 ಕಳೆದುಬಿಡುತ್ತಾನೆ. ಪಕ್ಕದ ಮನೆಯಿಂದ ಸಾಲ ತೆಗೆದುಕೊಳ್ಳುವುದು ಇನ್ನೂ ಕೂತಿಲ್ಲ. ಸಾಲ ಬೇಡದ ಲೆಕ್ಕಗಳೆಲ್ಲ ಸರಿ ಇವೆ, ಮಗ್ಗಿಯೂ ಚೆನ್ನಾಗಿ ಬರುತ್ತದೆ. ನೂರು ರೂಪಾಯಿ ಕೊಟ್ಟು 37ರ ಸಾಮಾನು ತಂದರೆ ಚಿಲ್ಲರೆ ಎಷ್ಟು ಅಂದರೆ ಥಟ್ಟನೆ 63 ಅನ್ನುತ್ತಾನೆ. ತಲೆಯಲ್ಲಿ ಇರುವುದು ಹಾಳೆಗೆ ಇಳಿಯಬೇಕು, ಅಷ್ಟೇ. ನಿಮ್ಮ ಅಂಗಡಿಯಲ್ಲಿ ಸಂಜೆ ಹತ್ತು ನಿಮಿಷ ಚಿಲ್ಲರೆ ಲೆಕ್ಕ ಅವನಿಂದಲೇ ಮಾಡಿಸಿ, ಆಮೇಲೆ ಅದನ್ನೇ ಬರೆಸಿ. ತಪ್ಪಿದರೆ ಬೈಯಬೇಡಿ. ನೂರರ ನೋಟು ಮುರಿಸಿ ಹತ್ತರ ನೋಟು ಮಾಡಿ ತೋರಿಸಿ. ತರಗತಿಯಲ್ಲಿ ನಾನು ಕಡ್ಡಿ ಕಟ್ಟುಗಳಿಂದ ಮತ್ತೆ ಹೇಳಿಕೊಡುತ್ತಿದ್ದೇನೆ.

ಕ್ರಮ ಸಂಖ್ಯೆ 12

ಮೊದಲು ಇದ್ದದ್ದು: ಜಾಣೆ. ಹೀಗೇ ಮುಂದುವರಿಯಲಿ.

ಈಗ: ನಿಮ್ಮ ಮಗಳಿಗೆ ಎಲ್ಲ ವಿಷಯದಲ್ಲೂ ಒಳ್ಳೆಯ ಅಂಕ ಬಂದಿದೆ, ಅಕ್ಷರ ದುಂಡಗಿದೆ. ಆದರೆ ಉತ್ತರಗಳು ಹೆಚ್ಚಾಗಿ ಗೈಡಿನಲ್ಲಿ ಇದ್ದ ಹಾಗೇ ಇರುತ್ತವೆ. ಸ್ವಂತ ಮಾತಲ್ಲಿ ಬರೆ ಅಂದರೆ ಎರಡು ಸಾಲಿಗೆ ನಿಲ್ಲಿಸುತ್ತಾಳೆ, ತಪ್ಪಾದೀತು ಅಂತ ಹೆದರುತ್ತಾಳೆ. ಮನೆಯ ಹಸು ಕರು ಹಾಕಿದ ದಿನದ ಬಗ್ಗೆ ಮಾತ್ರ ಒಂದು ಪುಟ ಬರೆದಳು. ಕರು ಎದ್ದು ನಿಲ್ಲಲು ಎಷ್ಟು ಸಲ ಬಿತ್ತು ಅಂತ ಕೂಡ ಬರೆದಿದ್ದಳು. ಆ ಪುಟವನ್ನು ಅವಳಿಂದಲೇ ಓದಿಸಿ ಕೇಳಿ. ರಜೆಯಲ್ಲಿ ಗೈಡ್ ಎತ್ತಿಡಿ. ದಿನಾ ನಾಲ್ಕು ಸಾಲು ತನಗೆ ತೋಚಿದ್ದು ಬರೆಯಲಿ. ಕಾಗುಣಿತ ತಪ್ಪಿದ್ದರೆ ನಾನು ತಿದ್ದುತ್ತೇನೆ.

ಕ್ರಮ ಸಂಖ್ಯೆ 19

ಮೊದಲು ಇದ್ದದ್ದು: ಗೈರುಹಾಜರಿ ಜಾಸ್ತಿ. ಪೋಷಕರು ಗಮನಿಸಿ.

(ಸರ್, ಇವಳ ತಾಯಿಗೆ ಓದಲು ಬರುವುದಿಲ್ಲ. ಇದನ್ನು ನಾನೇ ಓದಿ ಹೇಳುತ್ತೇನೆ.)

ಈಗ: ಅಮ್ಮಾ, ಮಗಳು ಬಂದ ದಿನ ಕಲಿಯುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಪರಿಸರ ಅಧ್ಯಯನದಲ್ಲಿ ಮುಂದಿದ್ದಾಳೆ. ಸೋಮವಾರ ಮಾತ್ರ ಬರುವುದೇ ಇಲ್ಲ. ಸಂತೆ ದಿನ ತಂಗಿಯನ್ನು ನೋಡಿಕೊಳ್ಳಬೇಕು ಅಂತ ಅವಳೇ ಹೇಳಿದಳು. ಗಣಿತದ ಹೊಸ ಪಾಠ ಸೋಮವಾರವೇ ಶುರುವಾಗುತ್ತದೆ, ಹಾಗಾಗಿ ವಾರವಿಡೀ ಅವಳಿಗೆ ತಲೆಬುಡ ತಿಳಿಯುವುದಿಲ್ಲ. ನಿಮ್ಮ ಕಷ್ಟ ನನಗೆ ಗೊತ್ತಿದೆ. ಚಿಕ್ಕವಳಿಗೆ ಮೂರು ವರ್ಷ ತುಂಬಿದೆ ಅಲ್ವಾ? ಶಾಲೆ ಪಕ್ಕದ ಅಂಗನವಾಡಿಗೆ ಸೇರಿಸಬಹುದು. ಅಲ್ಲಿನ ಟೀಚರ್ ಜೊತೆ ಮಾತಾಡಿದ್ದೇನೆ, ಸೇರಿಸಿಕೊಳ್ಳುತ್ತಾರೆ. ರಜೆ ಮುಗಿದ ಮೊದಲ ಸೋಮವಾರ ಇಬ್ಬರನ್ನೂ ಕರೆದುಕೊಂಡು ಬನ್ನಿ. ಹೊಸ ಪಾಠ ಅವಳು ಬಂದ ಮೇಲೇ ಶುರು ಮಾಡುತ್ತೇನೆ.